ಗಾಜಿದ್ದರೂ ಚಿತ್ರಕ್ಕೆ ಅಪಾಯವೇ?

ಶಿವಮೊಗ್ಗದ ಓದುಗರ ಪ್ರಶ್ನೆ: ಗಾಜಿರುವ ಚಿತ್ರದ ಮೇಲೆ ಸೂಪ್ ಎರಚಿದರೆ ನಿಜಕ್ಕೂ ಹಾನಿ ಆಗುತ್ತಾ?

ಆಗುತ್ತದೆ, ಬಣ್ಣ ಉಳಿದರೂ. 2022ರ ಅಕ್ಟೋಬರ್‌ನಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ತೈಲ ವಿರೋಧಿ ಹೋರಾಟಗಾರರಿಬ್ಬರು ಚಿತ್ರಕಾರ ವ್ಯಾನ್ ಗೋನ ‘ಸೂರ್ಯಕಾಂತಿ’ ಚಿತ್ರಕ್ಕೆ ಟೊಮೆಟೊ ಸೂಪ್ ಎರಚಿದರು. ಗಾಜು ಚಿತ್ರವನ್ನು ಕಾಪಾಡಿತು. ಆದರೆ ಹಳೆಯ ಚೌಕಟ್ಟಿಗೆ ಗಾಜಿರಲಿಲ್ಲ. ಅದಕ್ಕಾದ ನಷ್ಟ ಸುಮಾರು 10,000 ಪೌಂಡ್ ಎಂದು ಅಂದಾಜಾಯಿತು.

ದೊಡ್ಡ ಭಯ ಅಂಚಿನದು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕಟ್ಟು ಹಾಕಿಸಿದ ಫೋಟೋಗೂ ಅಂಚಿನಿಂದ ಶೀತ ಹತ್ತುತ್ತದೆ ಅಲ್ವಾ? ಹಾಗೇ ಸೂಪ್ ಸಂದಿಯಲ್ಲಿ ಇಳಿದರೆ ಕ್ಯಾನ್ವಾಸಿಗೇ ತಾಗುತ್ತದೆ.

ತೈಲ ಸುಟ್ಟರೆ ಹವಾಮಾನ ಕೆಡುತ್ತದೆ ಎಂಬ ಮಾತು ಜಗತ್ತಿಗೆ ತಲುಪಿತಲ್ಲ ಎನ್ನುತ್ತಾರೆ ಹೋರಾಟಗಾರರು. ಸುದ್ದಿಯಾಗಿದ್ದು ನಿಜ. ಆದರೂ ನನ್ನ ಪ್ರಕಾರ ಕಲೆಗೆ ನಷ್ಟವೇ ಜಾಸ್ತಿ. ಮತ್ತೆ ದಾಳಿಗಳಾದ ಮೇಲೆ, 2024ರಲ್ಲಿ ಆ ಗ್ಯಾಲರಿ ಒಳಗೆ ನೀರಿನ ಬಾಟಲಿ ಒಯ್ಯುವುದನ್ನೂ ನಿಲ್ಲಿಸಿತು.