ಗುರುಪುರಬ್ ಅಂದ ಕೂಡಲೇ ಶುಭಾಶಯ ಹೇಳಬೇಡಿ, ಯಾವ ಗುರುಪುರಬ್ ಅಂತ ಕೇಳಿ

ಪ್ರಶ್ನೆ: ನಮ್ಮ ಟೀಮಿನಲ್ಲಿ ಒಬ್ಬರು ಸರ್ದಾರ್ಜಿ ಇದ್ದಾರೆ. ಅವರ ಹಬ್ಬಕ್ಕೆ ಪಂಜಾಬಿಯಲ್ಲೇ ವಿಶ್ ಮಾಡೋಣ ಅಂತಿದ್ದೇನೆ. ‘ಸತ್ ಶ್ರೀ ಅಕಾಲ್’ ಅನ್ನಬೇಕಾ, ‘ವಾಹೆಗುರು ಜೀ ಕಾ ಖಾಲ್ಸಾ’ ಅನ್ನಬೇಕಾ? ಅವರು ಏನಾದರೂ ಅಂದರೆ ತಿರುಗಿ ನಾನೇನು ಹೇಳಲಿ?

ಎರಡೂ ಹಬ್ಬದ ಶುಭಾಶಯ ಅಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ದಿನ ಯಾವುದು ಅಂತ ನೋಡಿಕೊಳ್ಳಿ. ನಾನು ಎಡವಿದ್ದು ಅಲ್ಲೇ, ಅದೂ ಮಾತು ಒಂದಕ್ಷರ ತಪ್ಪದೆ ಸರಿಯಾಗಿ ಹೇಳಿ.

ಲುಧಿಯಾನಾದಲ್ಲಿ ಒಂದು ಉಣ್ಣೆ ಬಟ್ಟೆ ಕಂಪನಿಯ ಅಕೌಂಟ್ಸ್‌ನಲ್ಲಿದ್ದೆ. ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು ಒಬ್ಬ ಹಿರಿಯ ಸರ್ದಾರ್ಜಿ. ಅಮೃತಧಾರಿ, ಅಂದರೆ ಗುರು ಗೋಬಿಂದ್ ಸಿಂಗ್ ಕಟ್ಟಿದ ಖಾಲ್ಸಾ ಪಂಥದ ದೀಕ್ಷೆ ಪಡೆದವರು. ನೀಲಿ ಪೇಟ, ಬಿಳಿ ಗಡ್ಡ, ಮಾತು ಕಡಿಮೆ. ಹೊಸದಾಗಿ ಹೋದ ನನ್ನನ್ನು ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ನಾನು ಅವರನ್ನು ‘ಅಂಕಲ್‌ಜಿ’ ಅನ್ನುತ್ತಿದ್ದೆ.

ನವೆಂಬರಿನಲ್ಲಿ ಗುರುನಾನಕ್ ಗುರುಪುರಬ್ ಬಂತು. ನಮ್ಮ ಕಾರ್ತಿಕ ಹುಣ್ಣಿಮೆಯ ದಿನವೇ ಅದು. ಆಫೀಸಿನ ಹುಡುಗನೊಬ್ಬ ‘ಗುರ್‌ಪುರಬ್ ದಿಯಾಂ ಲಖ್ ಲಖ್ ವಧಾಯಿಯಾಂ ಜೀ’ ಅಂತ ಹೇಳಿಕೊಟ್ಟ. ಗುರುಪುರಬಿನ ಲಕ್ಷ ಲಕ್ಷ ಶುಭಾಶಯ ಅಂತ. ಹೋಗಿ ಹೇಳಿದೆ. ಅಂಕಲ್‌ಜಿ ಎದ್ದು ನಿಂತು ತಬ್ಬಿಕೊಂಡರು. ‘ಮದ್ರಾಸಿ ಪಂಜಾಬಿ ಕಲಿತುಬಿಟ್ಟ’ ಅಂತ ಇಡೀ ಸ್ಟೋರ್ಸ್‌ಗೆ ಸಾರಿದರು. ದಾವಣಗೆರೆಯವನು ಮದ್ರಾಸಿ ಹೇಗಾದೆ ಅಂತ ಕೇಳುವ ಮನಸ್ಸೂ ಬರಲಿಲ್ಲ, ಅಷ್ಟು ಖುಷಿಯಾಗಿತ್ತು. ಒಂದು ವಾಕ್ಯ ಕಲಿತೆ, ಇನ್ನು ಎಲ್ಲಾ ಹಬ್ಬಕ್ಕೂ ಇದೇ ಸಾಕು ಅಂದುಕೊಂಡೆ.

ಜೂನ್ ಬಂತು. ಅಲ್ಲಿಯ ಜೂನ್ ಅಂದರೆ ರಸ್ತೆಗೆ ಕಾಲಿಟ್ಟರೆ ಮುಖಕ್ಕೆ ಬೆಂಕಿ ರಾಚಿದ ಹಾಗೆ. ಒಂದು ಬೆಳಿಗ್ಗೆ ನೋಡಿದರೆ ನಮ್ಮ ಗೇಟಿನ ಮುಂದೆ ಶಾಮಿಯಾನ. ದೊಡ್ಡ ಸ್ಟೀಲ್ ಡ್ರಮ್ಮಿನಲ್ಲಿ ಹಾಲು, ನೀರು, ಸಕ್ಕರೆ, ಗುಲಾಬಿ ಶರಬತ್ತು. ಐಸ್ ದಿಮ್ಮಿ ಒಡೆದು ಅದರೊಳಗೆ ಹಾಕುತ್ತಿದ್ದಾರೆ. ಹುಡುಗರು ಬಸ್ಸು, ಸ್ಕೂಟರ್, ರಿಕ್ಷಾ ಎಲ್ಲವನ್ನೂ ಅಡ್ಡಗಟ್ಟಿ ಕಿಟಕಿಯೊಳಗೆ ಲೋಟ ತೂರಿಸುತ್ತಿದ್ದಾರೆ. ಇದಕ್ಕೆ ಛಬೀಲ್ ಅನ್ನುತ್ತಾರೆ. ‘ಏನಿವತ್ತು?’ ಅಂತ ವಾಚ್‌ಮನ್‌ನನ್ನು ಕೇಳಿದೆ. ‘ಗುರ್‌ಪುರಬ್ ಹೈ ಜೀ’ ಅಂದ.

ನನ್ನ ತಲೆಯಲ್ಲಿ ಏನು ಓಡಿತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ನಿಮ್ಮ ತಲೆಯಲ್ಲೂ ಅದೇ ಓಡುತ್ತದೆ. ನಮ್ಮಲ್ಲಿ ಬಿಸಿಲುಗಾಲದಲ್ಲಿ ದಾರಿಹೋಕರಿಗೆ ಕರೆದು ಕರೆದು ಪಾನಕ ಮಜ್ಜಿಗೆ ಕೊಡುವುದು ಯಾವಾಗ? ರಾಮನವಮಿಗೆ, ರಾಮ ಹುಟ್ಟಿದ ದಿನಕ್ಕೆ. ಶಾಮಿಯಾನ, ಸಿಹಿ ಪಾನಕ, ಓಡಾಡುವ ಹುಡುಗರು, ಪುಕ್ಕಟೆ ಲೋಟ. ಇದು ಸಂಭ್ರಮ ಅಲ್ಲದೆ ಇನ್ನೇನು? ಮೇಲಿಂದ ವಾಚ್‌ಮನ್ ಹೇಳಿದ್ದು ನವೆಂಬರಿನಲ್ಲಿ ನಾನು ಕಲಿತ ಅದೇ ಪದ. ಅನುಮಾನವೇ ಬರಲಿಲ್ಲ. ಅಂಗಡಿಗೆ ಹೋಗಿ ಲಡ್ಡು ಡಬ್ಬಿ ಕಟ್ಟಿಸಿಕೊಂಡು ಬಂದೆ. ಆಫೀಸ್ ಗ್ರೂಪಿಗೆ ಪಟಾಕಿ, ಲಡ್ಡು ಚಿತ್ರಗಳ ಜೊತೆ ‘ಲಖ್ ಲಖ್ ವಧಾಯಿಯಾಂ’ ಅಂತ ಹಾಕಿದೆ. ಆಮೇಲೆ ಗೇಟಿಗೆ ಬಂದೆ. ಅಂಕಲ್‌ಜಿ ಸೌಟು ಹಿಡಿದು ಡ್ರಮ್ ಪಕ್ಕ ನಿಂತಿದ್ದರು. ಅವರ ವಯಸ್ಸಾದ ತಾಯಿ ಬಕೆಟ್ ಮುಂದೆ ಕೂತು ಲೋಟ ತೊಳೆಯುತ್ತಿದ್ದರು. ನಾನು ಡಬ್ಬಿ ಚಾಚಿ, ಹಲ್ಲು ಬಿಟ್ಟುಕೊಂಡು, ಗಟ್ಟಿಯಾಗಿ ಅದೇ ವಾಕ್ಯ ಹೇಳಿದೆ.

ತಾಯಿಯ ಕೈ ಬಕೆಟ್ಟಿನಲ್ಲೇ ನಿಂತಿತು. ಅಂಕಲ್‌ಜಿ ‘ವಾಹೆಗುರು’ ಅಂದರು, ಅಷ್ಟೇ. ಡಬ್ಬಿ ಮುಟ್ಟಲಿಲ್ಲ. ಒಂದು ಲೋಟ ತುಂಬಿ ನನ್ನ ಕೈಗಿಟ್ಟು ಮುಂದಿನ ಸ್ಕೂಟರಿನವನ ಕಡೆ ತಿರುಗಿದರು.

ಅದು ಗುರು ಅರ್ಜನ್ ದೇವ್ ಶಹೀದಿ ಗುರುಪುರಬ್. ಸಿಖ್ಖರ ಐದನೇ ಗುರು. 1604ರಲ್ಲಿ ಆದಿ ಗ್ರಂಥವನ್ನು ಸಂಪಾದಿಸಿದವರು. ಜಹಾಂಗೀರನ ಕಾಲದಲ್ಲಿ, 1606ರಲ್ಲಿ, ಲಾಹೋರಿನಲ್ಲಿ ಅವರಿಗೆ ಚಿತ್ರಹಿಂಸೆ ಕೊಟ್ಟು ಕೊಂದರು. ಕಾದ ಕಬ್ಬಿಣದ ತವೆಯ ಮೇಲೆ ಕೂರಿಸಿ ತಲೆಯ ಮೇಲೆ ಸುಡುವ ಮರಳು ಸುರಿದರು ಅನ್ನುತ್ತದೆ ಸಿಖ್ ಪರಂಪರೆ. ಆ ಉರಿಯ ನೆನಪಿಗೇ ಈ ಸುಡುಬಿಸಿಲಿನಲ್ಲಿ ದಾರಿಹೋಕರಿಗೆ ತಣ್ಣನೆಯ ಸಿಹಿನೀರು. ನಾನು ಅದನ್ನು ಪಾರ್ಟಿ ಅಂದುಕೊಂಡು ಲಡ್ಡು ಹಿಡಿದು ಹೋಗಿದ್ದೆ.

ಮ್ಯಾನೇಜರ್ ಕರೆದು ಗ್ರೂಪಿನ ಮೆಸೇಜ್ ಅಳಿಸಲು ಹೇಳಿದರು. ಬೈಯಲಿಲ್ಲ. ಆದರೆ ಆ ವಾರ ಅಂಕಲ್‌ಜಿ ಮನೆಯವರ ಜೊತೆ ಅಮೃತಸರಕ್ಕೆ ಹೋಗುವ ಮಾತಾಗಿತ್ತು, ‘ಗಾಡಿಯಲ್ಲಿ ಜಾಗ ಆಗೋದಿಲ್ಲ ಬೇಟಾ’ ಅಂದರು. ಊಟದ ಹೊತ್ತಿಗೆ ಕರೆಯುವುದೂ ಕೆಲವು ಕಾಲ ನಿಂತಿತು. ಮುಂದಿನ ವರ್ಷ ಛಬೀಲಿಗೆ ನಾನೇ ಹೋಗಿ ಅವರ ತಾಯಿಯ ಪಕ್ಕ ಲೋಟ ತೊಳೆಯಲು ಕೂತೆ. ಆಮೇಲೆ ಸರಿಹೋಯಿತು.

ಆದ್ದರಿಂದ ‘ಗುರುಪುರಬ್’ ಅನ್ನುವ ಪದವನ್ನು ನೆಚ್ಚಬೇಡಿ. ಗುರುಗಳ ಬದುಕಿನ ದೊಡ್ಡ ದಿನಗಳಿಗೆಲ್ಲ ಆ ಹೆಸರು ನಡೆಯುತ್ತದೆ. ಹುಟ್ಟಿಗೂ ನಡೆಯುತ್ತದೆ, ಬಲಿದಾನಕ್ಕೂ ನಡೆಯುತ್ತದೆ. ಅದರ ಜೊತೆಗಿರುವ ಇನ್ನೊಂದು ಪದ ನೋಡಿ. ‘ಪ್ರಕಾಶ್’ ಅಂತಿದ್ದರೆ ಗುರುಗಳು ಹುಟ್ಟಿದ ದಿನ, ಧಾರಾಳವಾಗಿ ವಧಾಯಿಯಾಂ ಹೇಳಿ. ‘ಶಹೀದಿ’ ಅಂತಿದ್ದರೆ ಬಾಯಿ ಮುಚ್ಚಿಕೊಳ್ಳಿ. ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರ ಕಂಡಿತು ಅಂತ ಹೊರಡುವವರಿಗೆ ನವೆಂಬರ್ ತುಂಬಾ ಮೋಸ. ಗುರುನಾನಕ್ ಪ್ರಕಾಶ್ ಪುರಬ್ ಹುಣ್ಣಿಮೆಗೆ ಮುಗಿಯುತ್ತದೆ, ಅದಾಗಿ ಸುಮಾರು ಇಪ್ಪತ್ತು ದಿನಕ್ಕೆ ಗುರು ತೇಗ್ ಬಹಾದೂರ್ ಶಹೀದಿ ದಿನ ಬರುತ್ತದೆ. ಅವರನ್ನು 1675ರಲ್ಲಿ ದೆಹಲಿಯ ಚಾಂದನಿ ಚೌಕದಲ್ಲಿ ಶಿರಚ್ಛೇದ ಮಾಡಿದ್ದು. ಡಿಸೆಂಬರಿನ ಕೊನೆಯ ವಾರವೂ ಹಾಗೇ. ಗುರು ಗೋಬಿಂದ್ ಸಿಂಗ್ ಅವರ ನಾಲ್ಕೂ ಮಕ್ಕಳು ಬಲಿಯಾದದ್ದನ್ನು ನೆನೆಯುವ ದಿನಗಳು ಅವು. ಎಷ್ಟೋ ಮನೆಗಳಲ್ಲಿ ಆಗ ಮದುವೆ ಮುಂಜಿ ಇಟ್ಟುಕೊಳ್ಳುವುದಿಲ್ಲ. ಅದೇ ಗುರುವಿನ ಪ್ರಕಾಶ್ ಪುರಬ್ ಡಿಸೆಂಬರ್ ಕೊನೆ ಇಲ್ಲವೇ ಜನವರಿಯಲ್ಲಿ ಬರುವುದರಿಂದ ಗೊಂದಲ ಇನ್ನೂ ಜಾಸ್ತಿ. ಗೊತ್ತಾಗದಿದ್ದರೆ ‘ಆಜ್ ಕಿಸ್ ಗುರುಜೀ ಕಾ ದಿನ್ ಹೈ?’ ಅಂತ ಹಿಂದಿಯಲ್ಲೇ ಕೇಳಿ. ಬೇಜಾರು ಮಾಡಿಕೊಳ್ಳುವುದಿಲ್ಲ, ಕೂರಿಸಿಕೊಂಡು ಹೇಳುತ್ತಾರೆ. ಶಹೀದಿ ದಿನ ಎದುರಾದರೆ ಕೈಮುಗಿದು ‘ಸತ್ ಶ್ರೀ ಅಕಾಲ್ ಜೀ’ ಅನ್ನಿ, ಛಬೀಲ್ ಕೊಟ್ಟರೆ ಎರಡೂ ಕೈಯಲ್ಲಿ ತಗೊಂಡು ಕುಡಿಯಿರಿ. ಅಷ್ಟು ಸಾಕು.

ಈಗ ನಿಮ್ಮ ಪ್ರಶ್ನೆ. ‘ಸತ್ ಶ್ರೀ ಅಕಾಲ್’ ನಮ್ಮ ನಮಸ್ಕಾರದ ಜಾಗದ ಮಾತು. ಹಬ್ಬ ಇರಲಿ ಬಿಡಲಿ ಯಾವತ್ತು ಬೇಕಾದರೂ ಹೇಳಬಹುದು. ಅವರೂ ತಿರುಗಿ ಅದನ್ನೇ ಹೇಳುತ್ತಾರೆ. ಕೊನೆಗೆ ‘ಜೀ’ ಸೇರಿಸಿದರೆ ಚೆಂದ.

‘ವಾಹೆಗುರು ಜೀ ಕಾ ಖಾಲ್ಸಾ, ವಾಹೆಗುರು ಜೀ ಕೀ ಫತೆಹ್’ ಅನ್ನುವುದು ಖಾಲ್ಸಾದವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ವಂದನೆ, ಅದಕ್ಕೆ ಫತೆಹ್ ಅನ್ನುತ್ತಾರೆ. ಇದನ್ನು ನೀವಾಗಿ ಶುರು ಮಾಡಬೇಡಿ ಅಂತ ನನ್ನ ಅಭಿಪ್ರಾಯ. ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಆದರೂ ಕಾಫಿ ಮೆಷಿನ್ ಮುಂದೆ ಗತ್ತಿಗಾಗಿ ಹೇಳುವ ಮಾತಲ್ಲ ಅದು. ಅವರೇ ಹೇಳಿದರೆ ಮಾತ್ರ ಪೂರ್ತಿ ತಿರುಗಿ ಹೇಳಿ. ಇಲ್ಲೇ ಹೊಸಬರು ಎಡವುವುದು. ಅವರು ಮೊದಲರ್ಧ ಹೇಳುತ್ತಾರೆ, ಉಳಿದರ್ಧ ನಾವು ಹೇಳಬೇಕು ಅಂದುಕೊಳ್ಳುತ್ತಾರೆ. ಹಾಗಲ್ಲ. ಅವರು ಎರಡೂ ಭಾಗ ಹೇಳಿ ಮುಗಿಸಲಿ, ಆಮೇಲೆ ನೀವೂ ಎರಡೂ ಭಾಗ ಹೇಳಿ. ಒಬ್ಬರು ಕೂಗಿ ಉಳಿದವರು ಪೂರ್ತಿ ಮಾಡುವುದು ಬೇರೆ, ಅದು ‘ಬೋಲೇ ಸೋ ನಿಹಾಲ್’. ಗುಂಪಿನಲ್ಲಿ ಒಬ್ಬರು ಅದನ್ನು ಕೂಗಿದರೆ ಎಲ್ಲರೂ ‘ಸತ್ ಶ್ರೀ ಅಕಾಲ್’ ಅನ್ನುತ್ತಾರೆ. ಅದು ಜಯಕಾರ, ಮೀಟಿಂಗಿನಲ್ಲಿ ತಮಾಷೆಗೆ ಕೂಗಬೇಡಿ.

ಹಬ್ಬಕ್ಕೆ ಬೇಕಾದ್ದು ಆ ವಧಾಯಿಯಾಂ ವಾಕ್ಯವೇ. ಮೊದಲ ಪದ ಬದಲಾಯಿಸಿದರೆ ಸಾಕು. ಏಪ್ರಿಲ್ 13 ಅಥವಾ 14ಕ್ಕೆ ‘ವಿಸಾಖೀ ದಿಯಾಂ’. 1699ರಲ್ಲಿ ಆನಂದಪುರ ಸಾಹಿಬ್‌ನಲ್ಲಿ ಖಾಲ್ಸಾ ಹುಟ್ಟಿದ್ದೂ ಅವತ್ತೇ. ಜನವರಿ 13ಕ್ಕೆ ‘ಲೋಹಡೀ ದಿಯಾಂ’. ದೀಪಾವಳಿಗೆ ‘ಬಂದೀ ಛೋಡ್ ದಿವಸ್ ದಿಯಾಂ’ ಅಂದರೆ ಸಿಖ್ಖರಿಗೆ ಇನ್ನೂ ಖುಷಿ, ಯಾಕೆಂದರೆ ಗುರು ಹರಗೋಬಿಂದ್ ಗ್ವಾಲಿಯರ್ ಕೋಟೆಯ ಸೆರೆಯಿಂದ ಬಿಡಿಸಿಕೊಂಡು ಬಂದ ನೆನಪು ಅವರಿಗೆ ಅವತ್ತು. ಬಾಯಲ್ಲಿ ಹೇಳುವಾಗ ‘ಧಾ’ವನ್ನು ಒತ್ತಬೇಡಿ. ಪಂಜಾಬಿಗಳ ಬಾಯಲ್ಲಿ ಅದು ಹೆಚ್ಚುಕಡಿಮೆ ‘ವದಾಯಿಯಾಂ’ ಅಂತಲೇ ಕೇಳಿಸುತ್ತದೆ.

ಅಂದಹಾಗೆ, ಪಂಜಾಬಿ ಮಾತಾಡುವವರೆಲ್ಲ ಸಿಖ್ಖರಲ್ಲ, ಸಿಂಗ್ ಅಂತಿರುವವರೂ ಎಲ್ಲ ಅಲ್ಲ. ಪಂಜಾಬಿ ಹಿಂದೂಗಳಿಗೆ ನಮಸ್ತೆ ಅನ್ನಿ. ಲೋಹಡಿ ಮಾತ್ರ ಇಬ್ಬರದ್ದೂ. ಬೆಂಕಿ ಹಾಕಿ ಎಳ್ಳು, ಕಡಲೆಬೀಜ ಎಸೆಯುತ್ತಾರೆ, ‘ಹ್ಯಾಪಿ ಲೋಹಡಿ’ ಅಂತ ಅವರೇ ಅನ್ನುತ್ತಾರೆ. ಅಲ್ಲಿ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ನಿಮ್ಮ ಸರ್ದಾರ್ಜಿಯೇ ಮೊದಲು ವಿಶ್ ಮಾಡಿದರೆ ‘ತುಹಾನೂ ವೀ ಜೀ’ ಅನ್ನಿ. ನಿಮಗೂ ಅಂತ. ಆಡುಮಾತಿನಲ್ಲಿ ಅದು ‘ತ್ವಾನೂ ವೀ’ ಆಗುತ್ತದೆ. ಮಾತು ಮುಂದುವರಿಸಬೇಕಾ? ಕರ್ನಾಟಕದವನು ಅಂತ ಹೇಳಿ. ಗೊತ್ತಿರುವವರಾದರೆ ಬೀದರ್ ಎತ್ತುತ್ತಾರೆ. ಅಲ್ಲಿಯ ನಾನಕ್ ಝೀರಾ ಗುರುದ್ವಾರ ಅವರಿಗೆ ಯಾತ್ರೆಯ ಜಾಗ, ಖಾಲ್ಸಾ ಹುಟ್ಟಿದ ದಿನ ಮೊದಲು ದೀಕ್ಷೆ ಪಡೆದ ‘ಪಂಜ್ ಪ್ಯಾರೇ’ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಅಂಕಲ್‌ಜಿ ನನ್ನನ್ನು ಮದ್ರಾಸಿ ಅನ್ನುವುದು ಬಿಟ್ಟಿದ್ದು ಅದು ತಿಳಿದ ಮೇಲೆ. ಒಂದು ವೇಳೆ ಅವರು ‘ತುಹಾನೂ’ ಬಿಟ್ಟು ‘ತೈನೂ ವೀ’ ಅಂದರೆ ಏಕವಚನ ಅಂತ ಬೇಜಾರಾಗಬೇಡಿ, ಹತ್ತಿರದವರಿಗೆ ಹಾಗೇ ಅನ್ನುವುದು. ನೀವು ಮಾತ್ರ ‘ತುಹಾನೂ’ನಲ್ಲೇ ಇರಿ.