ಬಿಲ್ ಕೊಡುವಾಗ ವಿಮರ್ಶೆ ಕೇಳಬೇಡಿ

ಪ್ರಶ್ನೆ: ನಾನು ವಾಷಿಂಗ್ ಮೆಷಿನ್ ರಿಪೇರಿ ಮಾಡುತ್ತೇನೆ. ಕೆಲಸ ಮುಗಿಸಿ ದುಡ್ಡು ತೆಗೆದುಕೊಳ್ಳುವಾಗ ‘ಗೂಗಲ್‌ನಲ್ಲಿ 5 ಸ್ಟಾರ್ ಕೊಡಿ’ ಎಂದು ಕೇಳುತ್ತೇನೆ. ಎಲ್ಲರೂ ಆಯ್ತು ಅಂತಾರೆ, ಯಾರೂ ಬರೆಯುವುದಿಲ್ಲ. ಮತ್ತೆ ಕೇಳಿದರೆ ಪೀಡಿಸಿದ ಹಾಗಾಗುತ್ತೆ. ಯಾವಾಗ, ಹೇಗೆ ಕೇಳಲಿ?

ಉತ್ತರ: ದುಡ್ಡು ಎಣಿಸುವ ಗಳಿಗೆಯಲ್ಲಿ ಗ್ರಾಹಕರಿಗೆ ಮೆಷಿನ್ ನಿಜಕ್ಕೂ ಸರಿಹೋಗಿದೆಯೇ ಎಂಬುದೇ ಗೊತ್ತಿರುವುದಿಲ್ಲ. ಎದುರಿಗೆ ನಿಂತವರಿಗೆ ‘ಇಲ್ಲ’ ಎನ್ನಲು ಸಂಕೋಚವಾಗಿ ‘ಆಯ್ತು’ ಅಂತಾರೆ. ಅದು ನಿಮ್ಮನ್ನು ಸಾಗಹಾಕುವ ಮಾತು, ಅಷ್ಟೆ.

ನೀರು ಹೊರಹಾಕುವ ಪಂಪ್ ಬದಲಿಸಿದ್ದೀರಿ ಎಂದುಕೊಳ್ಳಿ. ನೀವು ಖಾಲಿ ಮೆಷಿನ್ ಓಡಿಸಿ ತೋರಿಸಿದ್ದು ಅವರಿಗೆ ಸಾಲದು. ಮನೆಯ ಬಟ್ಟೆ ಎರಡು ಮೂರು ಸಲ ಒಗೆದು, ನೆಲ ಒದ್ದೆಯಾಗದಿದ್ದಾಗಲೇ ನೆಮ್ಮದಿ. ಅದಕ್ಕೆ ಮೂರು ನಾಲ್ಕು ದಿನ ಬೇಕು. ಆಗಲೂ ಮೊದಲು ವಿಮರ್ಶೆಯ ಮಾತು ಬೇಡ. ಮೆಸೇಜ್ ಕಳಿಸಿ ಕೆಲಸವನ್ನಷ್ಟೇ ವಿಚಾರಿಸಿ: ‘ಮೆಷಿನ್ ನೀರು ಸರಿಯಾಗಿ ಹೊರಹಾಕುತ್ತಿದೆಯೇ? ಸೋರಿಕೆ, ಸದ್ದು ಏನಾದರೂ ಇದೆಯೇ?’

‘ಚೆನ್ನಾಗಿದೆ, ಥ್ಯಾಂಕ್ಸ್’ ಎಂದು ಉತ್ತರ ಬಂದರೆ ಅದೇ ನಿಮ್ಮ ಸಮಯ. ಮಾತು ಆರುವ ಮೊದಲೇ ಬರೆಯಿರಿ: ‘ಸಂತೋಷ. ಬಿಡುವಿದ್ದರೆ ನಿಮ್ಮ ಅನುಭವ ಇದ್ದದ್ದು ಇದ್ದ ಹಾಗೆ ಇಲ್ಲಿ ಎರಡು ಸಾಲು ಬರೆಯಬಹುದೇ? ಯಾವ ತೊಂದರೆಗೆ ಕರೆದಿರಿ, ಈಗ ಹೇಗಿದೆ ಎಂದಿದ್ದರೆ ಸಾಕು. ಆಗದಿದ್ದರೂ ಪರವಾಗಿಲ್ಲ.’ ಕೆಳಗೆ ನೇರವಾಗಿ ಬರೆಯುವ ಪುಟಕ್ಕೆ ಹೋಗುವ ಲಿಂಕ್ ಇರಲಿ. ಗೂಗಲ್‌ನ ನಿಮ್ಮ ಬಿಸಿನೆಸ್ ಪ್ರೊಫೈಲ್‌ನಲ್ಲೇ ಅದು ಸಿಗುತ್ತದೆ. ‘ನಮ್ಮ ಹೆಸರು ಹುಡುಕಿ ಬರೆಯಿರಿ’ ಎಂದರೆ ಒಳ್ಳೆಯ ಮನಸ್ಸಿನವರೂ ಅರ್ಧದಲ್ಲೇ ಕೈಬಿಡುತ್ತಾರೆ. ಏನು ಬರೆಯಬೇಕೆಂದು ತೋಚದೆ ಬಿಡುವವರೂ ಇದ್ದಾರೆ. ತೊಂದರೆಯನ್ನು ನೆನಪಿಸುವ ಆ ಸಾಲು ಅವರಿಗಾಗಿ. ‘5 ಸ್ಟಾರ್’ ಎಂಬ ಮಾತನ್ನಂತೂ ಪೂರ್ತಿ ಬಿಡಿ. ಅಂಕ ನೀವೇ ಹೇಳಿದ ಮೇಲೆ ಅದು ಅವರ ಅಭಿಪ್ರಾಯ ಹೇಗಾದೀತು?

‘ಇನ್ನೂ ಸೋರುತ್ತಿದೆ’ ಎಂದರೆ ಲಿಂಕ್ ಕಳಿಸಬೇಡಿ, ಹೋಗಿ ಸರಿಮಾಡಿ. ಮತ್ತೆ ಮೂರು ದಿನ ಬಿಟ್ಟು ವಿಚಾರಿಸಿ, ಅವರಿಗೂ ಅದೇ ಮಾತುಗಳಲ್ಲಿ ಕೇಳಿ. ಇಲ್ಲಿ ಬಹಳ ಜನ ಜಾಣತನ ತೋರಿಸಲು ಹೋಗಿ ಎಡವುತ್ತಾರೆ: ಹೊಗಳಿದವರಿಗೆ ಮಾತ್ರ ಲಿಂಕ್, ದೂರಿದವರಿಗೆ ಮೌನ. ಹೀಗೆ ಆರಿಸಿ ಕೇಳುವುದಕ್ಕೂ, ವಿಮರ್ಶೆಗೆ ಬದಲಾಗಿ ರಿಯಾಯಿತಿ ಕೊಡುವುದಕ್ಕೂ ಗೂಗಲ್ ನಿಯಮಗಳಲ್ಲಿ ಅವಕಾಶವಿಲ್ಲ. ಖುಷಿಯಾದ ಗಳಿಗೆಯನ್ನು ಆರಿಸಿಕೊಳ್ಳಿ, ಗ್ರಾಹಕರನ್ನಲ್ಲ. ಅಂದಹಾಗೆ, ಸರಿಮಾಡಿಸಿಕೊಂಡವರು ಬರೆಯುವ ‘ಮತ್ತೆ ಬಂದು ನೋಡಿದರು’ ಎಂಬ ಸಾಲು ಹೊಸ ಗ್ರಾಹಕರಿಗೆ ಬರೀ ಹೊಗಳಿಕೆಗಿಂತ ಹೆಚ್ಚು ಧೈರ್ಯ ಕೊಡುತ್ತದೆ.

ಒಪ್ಪಿಯೂ ಬರೆಯದವರಿಗೆ ಒಂದು ವಾರದ ನಂತರ ಒಂದೇ ಒಂದು ನೆನಪೋಲೆ, ಅದೂ ಒಂದೇ ಸಾಲು: ‘ಲಿಂಕ್ ಹುಡುಕುವ ಕಷ್ಟ ಬೇಡವೆಂದು ಮತ್ತೆ ಕಳಿಸಿದ್ದೇನೆ.’ ಅದಕ್ಕೂ ಉತ್ತರವಿಲ್ಲದಿದ್ದರೆ ಬಿಟ್ಟುಬಿಡಿ. ಮುಂದಿನ ಸಲ ಮೆಷಿನ್ ಕೆಟ್ಟಾಗ ಅವರು ನಿಮ್ಮ ನಂಬರಿಗೇ ಫೋನ್ ಮಾಡಬೇಕಲ್ಲ.