ಬಸ್ಸಿನಲ್ಲಿ, ಬಸ್ಸಲ್ಲಿ, ಬಸ್‌ನಲ್ಲಿ

“ಸಂಪಾದಕರೇ, ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಭಾಷಾವಿಜ್ಞಾನದ ಪ್ರಾಜೆಕ್ಟಿಗೆ ‘ಕನ್ನಡದ ಉಪಭಾಷೆಗಳು, ಎರವಲು ಪದಗಳು ಮತ್ತು ಕಾಗುಣಿತದ ರೂಢಿಗಳು’ ಅಂತ ಶೀರ್ಷಿಕೆ ಬರೆದುಕೊಟ್ಟೆ. ಇದು ಪಿಎಚ್.ಡಿ.ಗೂ ಜಾಸ್ತಿ ಆಯ್ತು ಅಂತ ನಮ್ಮ ಮೇಡಂ ವಾಪಸ್ ಕೊಟ್ಟರು. ಮೂರರಲ್ಲಿ ಒಂದನ್ನೂ ಬಿಡಲು ಮನಸ್ಸಿಲ್ಲ. ಕೈಯಲ್ಲಿರುವುದು ಎರಡು ತಿಂಗಳು. ಏನು ಮಾಡಲಿ?” — ಒಬ್ಬ ವಿದ್ಯಾರ್ಥಿನಿ

ಯಾವುದನ್ನೂ ಬಿಡಬೇಡಿ. ಆದರೆ ಮೂರೂ ಒಟ್ಟಿಗೆ ಸಿಗುವ ಒಂದು ಪುಟ್ಟ ಜಾಗ ಹಿಡಿಯಿರಿ. ಅಂಥದ್ದೊಂದು ನನ್ನ ಮೇಜಿನ ಮೇಲೆ ದಿನಾ ಬಂದು ಬೀಳುತ್ತದೆ. ಒಬ್ಬ ಲೇಖಕರು ‘ಬಸ್‌ನಲ್ಲಿ’ ಅಂತ ಬರೆದು ಕಳಿಸುತ್ತಾರೆ, ನಮ್ಮ ಕರಡು ತಿದ್ದುವವರು ಅದನ್ನು ‘ಬಸ್ಸಿನಲ್ಲಿ’ ಮಾಡುತ್ತಾರೆ, ಆಮೇಲೆ ಇಬ್ಬರೂ ಚಹಾ ಕುಡಿಯಲು ಹೋದಾಗ ಬಾಯಲ್ಲಿ ಬರುವುದು ‘ಬಸ್ಸಲ್ಲಿ’. ಇಷ್ಟೇ ನಿಮ್ಮ ಪ್ರಾಜೆಕ್ಟು. ಇಂಗ್ಲಿಷಿನಿಂದ ಬಂದ, ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಕನ್ನಡದ ‘ಅಲ್ಲಿ’ ಹೇಗೆ ಸೇರುತ್ತದೆ ಅನ್ನೋದು.

ಮೊದಲು ಹಳೆಯ ಸಂಗತಿ ಒಂದು ನೋಡಿ. ಹಳಗನ್ನಡದಲ್ಲಿ ವ್ಯಂಜನದಲ್ಲಿ ಮುಗಿಯುವ ಪದಗಳು ಬೇಕಾದಷ್ಟಿದ್ದವು. ಕಲ್, ಕಣ್, ಕಾಲ್, ಮೀನ್, ಮೊಸರ್. ಮುಂದೆ ಇವಕ್ಕೆಲ್ಲ ಕೊನೆಯಲ್ಲಿ ಒಂದು ‘ಉ’ ಬಂದು ಕೂತಿತು. ಆದರೆ ಕೂತ ರೀತಿ ಬೇರೆ ಬೇರೆ. ಒಂದೇ ಹ್ರಸ್ವ ಸ್ವರ ಇದ್ದ ಕಲ್, ಕಣ್ ಇವುಗಳ ವ್ಯಂಜನ ಇಮ್ಮಡಿಯಾಯಿತು: ಕಲ್ಲು, ಕಣ್ಣು. ದೀರ್ಘ ಇದ್ದರೆ ಇಲ್ಲ: ಕಾಲು, ಮೀನು. ಎರಡು ಅಕ್ಷರದ ಮೊಸರ್ ಕೂಡ ಬರೀ ಮೊಸರು ಆಯಿತು. ಈಗ ಇಂಗ್ಲಿಷ್ ಪದಗಳನ್ನು ಪಕ್ಕಕ್ಕಿಡಿ. ಬಸ್ಸು, ಪೆನ್ನು, ಬಿಲ್ಲು. ಕಾರು, ರೋಡು, ಫೋನು. ಅದೇ ಅಚ್ಚು, ಅಲ್ವಾ? ಬಸ್ಸು ಎಂದು ಮೊದಲು ಅಂದವರಿಗೆ ಯಾರೂ ವ್ಯಾಕರಣ ಹೇಳಿಕೊಟ್ಟಿರಲಿಲ್ಲ.

ಪಾರ್ಸಿ, ಅರಬ್ಬಿ ಕಡೆಯಿಂದ ಬಂದ ಜಮೀನು, ರುಮಾಲು, ಕಾನೂನು ಕೂಡ ಹೀಗೇ ‘ಉ’ ಹಾಕಿಕೊಂಡವು. ಇವತ್ತು ಯಾರಾದರೂ ‘ಜಮೀನ್‌ನಲ್ಲಿ’ ಅಂತ ಬರೆದರೆ ನಿಮಗೇ ಕಣ್ಣು ಚುಚ್ಚುತ್ತದೆ, ‘ಫೋನ್‌ನಲ್ಲಿ’ ಅಂದರೆ ಚುಚ್ಚುವುದಿಲ್ಲ. ಎರಡೂ ಎರವಲೇ. ಹಾಗಾದರೆ ಒಂದಕ್ಕೆ ‘ಉ’ ಗಟ್ಟಿ, ಇನ್ನೊಂದಕ್ಕೆ ಸಡಿಲ ಯಾಕೆ ಅನ್ನೋದು ನಿಮ್ಮ ಮೊದಲ ಪ್ರಶ್ನೆ. ಒಂದು ಪದ ಎಷ್ಟು ಹಳೆಯದು ಎಂದು ನೋಡಲು 1894ರ ಕಿಟೆಲ್ ನಿಘಂಟಿನಲ್ಲಿ ಅದು ಇದೆಯೇ ನೋಡಿ. ಅಲ್ಲಿ ಸಿಕ್ಕಿದರೆ ಆ ಹೊತ್ತಿಗೆ ಬಂದಿತ್ತು ಎಂದು ಗೊತ್ತಾಗುತ್ತದೆ, ಸಿಗದಿದ್ದರೆ ಏನೂ ಗೊತ್ತಾಗುವುದಿಲ್ಲ, ಅದನ್ನು ‘ಇರಲಿಲ್ಲ’ ಅಂತ ಓದಬೇಡಿ.

ಎರಡನೆಯ ಪ್ರಶ್ನೆ ನನಗೆ ಇನ್ನೂ ಇಷ್ಟ. ‘ಬಸ್‌ನಲ್ಲಿ’ ಪದದಲ್ಲಿ ಆ ‘ನ’ ಎಲ್ಲಿಂದ ಬಂತು? ಊರು, ಊರಿನಲ್ಲಿ, ಬಸ್ಸು, ಬಸ್ಸಿನಲ್ಲಿ. ‘ಉ’ದಲ್ಲಿ ಮುಗಿಯುವ ಪದಕ್ಕೆ ನಡುವೆ ‘ಇನ್’ ಬರುತ್ತದೆ, ‘ನ’ ಅದರ ಪಾಲು. ‘ಬಸ್‌ನಲ್ಲಿ’ ಬರೆಯುವವರು ‘ಉ’ ಬಿಟ್ಟರು, ‘ಇ’ ಬಿಟ್ಟರು, ಇಮ್ಮಡಿ ಬಿಟ್ಟರು, ‘ನ’ ಮಾತ್ರ ಇಟ್ಟುಕೊಂಡರು. ಮಾತಿನಲ್ಲಿ ಇದು ತಿರುಗುಮುರುಗು. ಮೈಸೂರು ಕಡೆಯ ಮಾತಿನ ‘ಬಸ್ಸಲ್ಲಿ’ಯಲ್ಲಿ ಇಮ್ಮಡಿ ಉಳಿದಿದೆ, ‘ನ’ ಹೋಗಿದೆ. ಅಂದರೆ ‘ಬಸ್‌ನಲ್ಲಿ’ ಬಾಯಿಂದ ಬರಹಕ್ಕೆ ಇಳಿದ ರೂಪ ಅಲ್ಲ, ಬರಹದಲ್ಲೇ ಹುಟ್ಟಿದ್ದು ಅಂತ ನನ್ನ ಗುಮಾನಿ. ಗುಮಾನಿ ಅಷ್ಟೇ. ನೀವು ಅದನ್ನು ಸುಳ್ಳು ಮಾಡಿದರೂ ಪ್ರಾಜೆಕ್ಟು ಪ್ರಾಜೆಕ್ಟೇ.

ಪದಗಳು ಹನ್ನೆರಡು ಸಾಕು. ಒಂದೊಂದು ಬಗೆಗೆ ಮೂರರಂತೆ ತೆಗೆದುಕೊಳ್ಳಿ. ಹ್ರಸ್ವಕ್ಕೆ ಬಸ್, ಪೆನ್, ಬಿಲ್. ದೀರ್ಘಕ್ಕೆ ಕಾರ್, ರೋಡ್, ಫೋನ್. ಕೊನೆಯಲ್ಲಿ ಎರಡು ವ್ಯಂಜನ ಇರುವುದಕ್ಕೆ ಬ್ಯಾಂಕ್, ಬಲ್ಬ್, ಪೋಸ್ಟ್. ಉದ್ದ ಪದಕ್ಕೆ ಟಿಕೆಟ್, ಆಫೀಸ್, ಕಂಪ್ಯೂಟರ್. ಈ ಕೊನೆಯ ಗುಂಪಿನ ಮೇಲೆ ಕಣ್ಣಿಡಿ, ತಮಾಷೆ ಇರುವುದು ಅಲ್ಲೇ. ‘ಟಿಕೆಟ್ಟು’ ಅಂತ ಒತ್ತಿ ಹೇಳುವವರಿದ್ದಾರೆ, ಹಾಗಾದರೆ ಮೊಸರಿನ ಲೆಕ್ಕ ಇಲ್ಲಿ ಯಾಕೆ ನಡೆಯಲಿಲ್ಲ?

ಬರಹದ ಭಾಗಕ್ಕೆ ಒಂದೇ ದಿನಪತ್ರಿಕೆಯ ಮೂವತ್ತು ದಿನದ ಸುದ್ದಿ ಪುಟ ತೆಗೆದುಕೊಳ್ಳಿ. ತಲೆಬರಹ ಬೇರೆ, ಸುದ್ದಿಯ ಒಡಲು ಬೇರೆ ಎಣಿಸಿ. ತಲೆಬರಹದಲ್ಲಿ ಜಾಗ ಕಮ್ಮಿ, ಅಲ್ಲಿ ‘ಬಸ್‌ಗೆ ಬೆಂಕಿ’ ಅಂತ ಬಂದರೆ ಅದು ಭಾಷೆಯ ಒಲವೋ ಕಾಲಂ ಅಗಲದ ಕಾಟವೋ ಹೇಳಲಾಗದು. ಇನ್ನೊಂದು ಮಾತು, ಪತ್ರಿಕೆಯವನಾಗಿ ಹೇಳುತ್ತೇನೆ. ಒಂದು ಪತ್ರಿಕೆಯ ಕಾಗುಣಿತ ಅಂದರೆ ನೂರು ಜನರ ರೂಢಿ ಅಲ್ಲ, ಎಷ್ಟೋ ಸಲ ಡೆಸ್ಕಿನ ಒಬ್ಬರ ಹಟ. ಹಾಗಾಗಿ ಯಾರೂ ತಿದ್ದದ ಬರಹವೂ ಸ್ವಲ್ಪ ಬೇಕು. ಸಹಪಾಠಿಗಳು ಕೈಯಲ್ಲಿ ಬರೆದ ಒಂದೊಂದು ಪುಟ ಕೇಳಿ ತೆಗೆದುಕೊಳ್ಳಿ.

ಕಂಪ್ಯೂಟರಿನಲ್ಲಿ ಹುಡುಕುವವರು ಬೀಳುವ ಗುಂಡಿ ಒಂದಿದೆ, ನಾನೂ ಬಿದ್ದಿದ್ದೇನೆ. ನಮ್ಮ ಹಳೆಯ ಸಂಚಿಕೆಗಳ ಕಡತದಲ್ಲಿ ಒಮ್ಮೆ ‘ಬಸ್‌ನಲ್ಲಿ’ ಹುಡುಕಿದೆ. ತೀರಾ ಕಮ್ಮಿ ಬಂತು. ನಾವು ಎಷ್ಟು ಶುದ್ಧ ಎಂದು ಬೀಗಿ ಒಂದು ಟಿಪ್ಪಣಿಯನ್ನೂ ಬರೆದೆ. ಆಮೇಲೆ ನೋಡಿದರೆ ಕೆಲವರು ನಡುವೆ ಜಾಗ ಬಿಟ್ಟು ‘ಬಸ್ ನಲ್ಲಿ’ ಎಂದು ಟೈಪ್ ಮಾಡಿದ್ದರು, ಕೆಲವರದ್ದು ಒತ್ತು ಬಿದ್ದು ‘ಬಸ್ನಲ್ಲಿ’ ಆಗಿತ್ತು. ‘ಸ್’ ಮತ್ತು ‘ನ’ ಒತ್ತಾಗಿ ಅಂಟಿಕೊಳ್ಳದಿರಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು, ಯೂನಿಕೋಡಿನಲ್ಲಿ ಅದು U+200C. ಕೆಲವು ಕಡತಗಳಲ್ಲಿ ಅದರ ಬದಲು U+200D ಕೂತಿರುತ್ತದೆ. ನೋಡಲು ಎರಡೂ ಬಹುತೇಕ ಒಂದೇ ಥರ, ಹುಡುಕುವ ಯಂತ್ರಕ್ಕೆ ಮಾತ್ರ ಬೇರೆ ಬೇರೆ ಪದ. ‘ಕಾರ್’ ಪದದಲ್ಲಂತೂ ಈ ಅಕ್ಷರ ಬಿಟ್ಟುಹೋದರೆ ಅರ್ಕಾವತ್ತು ಬಂದು ‘ಕಾರ್ನಲ್ಲಿ’ ಆಗಿ ಓದಲೇ ಆಗುವುದಿಲ್ಲ. ಲಿಬ್ರೆಆಫೀಸ್ ರೈಟರಿನ ಹುಡುಕುವ ಕಿಟಕಿಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆಯ್ಕೆಗೆ ಟಿಕ್ ಹಾಕಿ ಇದನ್ನು ಕೊಡಿ:

```
ಬಸ್[\u200C\u200D]?\s?ನಲ್ಲಿ
```

ನಾಲ್ಕೂ ರೂಪ ಒಟ್ಟಿಗೆ ಸಿಗುತ್ತವೆ. ‘ಬಸ್ಸಿನಲ್ಲಿ’, ‘ಬಸ್ಸಲ್ಲಿ’ ಎರಡನ್ನು ಬೇರೆಯಾಗಿ ಹುಡುಕಿ. ಒಟ್ಟು ಲೆಕ್ಕ ಸರಿ ಇದೆಯೇ ಎಂದು ತಿಳಿಯಲು ಒಂದೇ ಒಂದು ದಿನದ ಪುಟವನ್ನು ಪೆನ್ಸಿಲ್ ಹಿಡಿದು ಕೈಯಲ್ಲೇ ಎಣಿಸಿ. ಯಂತ್ರದ ಸಂಖ್ಯೆಗೂ ಅದಕ್ಕೂ ತಾಳೆಯಾಗದಿದ್ದರೆ ಇನ್ನೊಂದು ರೂಪ ಎಲ್ಲೋ ತಪ್ಪಿಸಿಕೊಂಡಿದೆ.

ಇನ್ನು ಮಾತಿನ ಭಾಗ. ಎರಡು ಪ್ರದೇಶ ಸಾಕು, ಉದಾಹರಣೆಗೆ ಧಾರವಾಡದ ಕಡೆಯವರು ಮತ್ತು ಮೈಸೂರು ಕಡೆಯವರು. ಒಂದೊಂದು ಕಡೆ ಎಂಟು ಜನ, ಅವರಲ್ಲಿ ನಾಲ್ವರು ಇಪ್ಪತ್ತೈದರ ಒಳಗಿನವರು, ನಾಲ್ವರು ಐವತ್ತು ದಾಟಿದವರು. ಉತ್ತರದ ಕಡೆ ‘ಅಲ್ಲಿ’ ಬದಲು ‘ಆಗ’ ಬರುತ್ತದೆ: ಮನ್ಯಾಗ, ಊರಾಗ, ಬಸ್ಸಿನ್ಯಾಗ. ಪ್ರತ್ಯಯ ಬೇರೆ ಇದ್ದಾಗ ‘ಇನ್’ ಉಳಿಯುತ್ತದೋ ಬೀಳುತ್ತದೋ, ಇಮ್ಮಡಿ ಎಲ್ಲ ಪದಕ್ಕೂ ನಿಲ್ಲುತ್ತದೋ, ಇಷ್ಟನ್ನೇ ಕಿವಿಗೊಟ್ಟು ಕೇಳಿ. ಉಪಭಾಷೆ ಅಂದ ಕೂಡಲೇ ಪದಗಳ ಪಟ್ಟಿ ಮಾಡಲು ಹೊರಡುವವರೇ ಜಾಸ್ತಿ. ನಿಮಗೆ ಅದು ಬೇಡ.

‘ನೀವು ಬಸ್ಸಿನಲ್ಲಿ ಅಂತೀರಾ, ಬಸ್ಸಲ್ಲಿ ಅಂತೀರಾ?’ ಎಂದು ಮಾತ್ರ ಕೇಳಬೇಡಿ. ಕೇಳಿದ ತಕ್ಷಣ ಎದುರಿನವರು ನೆಟ್ಟಗೆ ಕೂತು ಪಠ್ಯಪುಸ್ತಕ ಆಗಿಬಿಡುತ್ತಾರೆ. ಚಿತ್ರ ತೋರಿಸಿ. ಬಸ್ಸಿನ ಕಿಟಕಿ ಪಕ್ಕ ಒಬ್ಬ ಹುಡುಗ ಕೂತಿರುವ ಚಿತ್ರ ಇಟ್ಟು ‘ಇವನೆಲ್ಲಿದ್ದಾನೆ?’ ಅಂದರೆ ಸಾಕು, ರೂಪ ತಾನೇ ಉದುರುತ್ತದೆ. ನೀವು ಬಾಯಿ ತಪ್ಪಿ ‘ಬಸ್ಸು’ ಅಂದಿರೋ ಕೆಲಸ ಕೆಟ್ಟಿತು, ಅವರು ನಿಮ್ಮ ಪದವನ್ನೇ ವಾಪಸ್ ಕೊಡುತ್ತಾರೆ. ಅದೇ ಚಿತ್ರಕ್ಕೆ, ಮಾತೆಲ್ಲ ಮುಗಿದ ಮೇಲೆ, ಒಂದು ವಾಕ್ಯ ಬರೆಯಿರಿ ಎಂದು ಕಾಗದ ಕೊಡಿ. ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆ ಮಾಡಿ ಆವರಣದಲ್ಲಿ ‘ಬಸ್’ ಎಂದು ಅಚ್ಚು ಹಾಕಿದರೂ ಅದೇ ತೊಂದರೆ, ‘ಬಸ್‌ನಲ್ಲಿ’ ನೀವೇ ಬಿತ್ತಿದಂತೆ. ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಿ. ವರದಿಯಲ್ಲಿ ಹೆಸರು ಬೇಡ, ಧಾ-1, ಮೈ-1 ಅಂತ ಗುರುತು ಸಾಕು.

ಈಗ ಒಬ್ಬರೇ ವ್ಯಕ್ತಿಯ ಬಾಯಿಯ ರೂಪ ಮತ್ತು ಕೈಯ ರೂಪ ಅಕ್ಕಪಕ್ಕ ಸಿಗುತ್ತದೆ. ಇದೇ ನಿಮ್ಮ ಮುಖ್ಯ ಕೋಷ್ಟಕ. ಹೇಳಿದ್ದು ‘ಬಸ್ಸಲ್ಲಿ’, ಬರೆದದ್ದು ‘ಬಸ್‌ನಲ್ಲಿ’ ಎಂಬ ಜೋಡಿಗಳೇ ಹೆಚ್ಚಾಗಿ ಬಂದರೆ ನನ್ನ ಗುಮಾನಿಗೆ ಬಲ. ಹೇಳುವಾಗಲೂ ‘ಬಸ್‌ನಲ್ಲಿ’ ಎಂದವರು ಸಿಕ್ಕರೆ ಅವರ ವಯಸ್ಸು, ಓದಿದ ಮಾಧ್ಯಮ ನೋಡಿ. ಎಣಿಸುವಾಗ ತಲೆ ಎಣಿಸಿ, ಸಲ ಎಣಿಸಬೇಡಿ. ಒಬ್ಬ ಮಾತುಗಾರ ಅಜ್ಜ ಹದಿನಾಲ್ಕು ಸಲ ‘ಬಸ್ಸಿನ್ಯಾಗ’ ಅಂದರೆ ಅದು ಒಬ್ಬ ಅಜ್ಜ, ಹದಿನಾಲ್ಕು ಧಾರವಾಡದವರಲ್ಲ. ಹದಿನಾರು ಜನರ ಮೇಲೆ ಶೇಕಡಾ ಲೆಕ್ಕವೂ ಬೇಡ, ‘ಎಂಟರಲ್ಲಿ ಐವರು’ ಅಂತಲೇ ಬರೆಯಿರಿ.

‘ಹ’ಕಾರ ಬಿಡುವುದು, ಮಹಾಪ್ರಾಣ ಬಿಡುವುದು ಇವನ್ನು ತೆಗೆದುಕೊಳ್ಳಲೇ ಎಂದು ನಿಮಗೆ ಆಸೆ ಬರಬಹುದು, ಸುಲಭವಾಗಿ ಕಿವಿಗೆ ಬೀಳುತ್ತವೆ. ನಾನಾದರೆ ಕೈಹಾಕುವುದಿಲ್ಲ. ಆ ವಿಷಯದಲ್ಲಿ ಜನ ಶಾಲೆಯಲ್ಲಿ ಬೈಸಿಕೊಂಡಿರುತ್ತಾರೆ, ಮೈಕ್ ಕಂಡರೆ ಇಲ್ಲದ ‘ಹ’ವನ್ನೂ ಸೇರಿಸಿಬಿಡುತ್ತಾರೆ. ‘ಬಸ್ಸಲ್ಲಿ’ ಅಂದದ್ದಕ್ಕೆ ಹಾಗೆ ಬೈಸಿಕೊಂಡವರು ಅಪರೂಪ, ಅದಕ್ಕೇ ಅದು ಬಾಯಿಂದ ಸಲೀಸಾಗಿ ಬರುತ್ತದೆ.

ಎರಡು ತಿಂಗಳಲ್ಲಿ ಮೊದಲ ವಾರ ಚಿತ್ರಗಳಿಗೆ ಇಡಿ, ಇಬ್ಬರು ಗೆಳತಿಯರ ಮೇಲೆ ಪ್ರಯೋಗ ಮಾಡಿ. ಪೆನ್ನಿನ ಚಿತ್ರ ತೋರಿಸಿದರೆ ‘ಅಲ್ಲಿ’ ಬರುವುದೇ ಇಲ್ಲ, ‘ಪೆನ್ನಿಂದ ಬರೀತಿದಾಳೆ’ ಅಂದುಬಿಡುತ್ತಾರೆ. ಅದಕ್ಕೆ ಪೆನ್ನಿನ ಒಳಗಿನ ಇಂಕಿನ ಚಿತ್ರ ಬರೆಸಬೇಕಾದೀತು. ಅಥವಾ ಆ ಪದ ಕೈಬಿಟ್ಟು ‘ಬಾಕ್ಸ್’ ಇಡಿ, ಆದರೆ ಆಗ ಅದು ಹ್ರಸ್ವದ ಗುಂಪಿನಲ್ಲಿ ಕೂರುವುದಿಲ್ಲ, ಬ್ಯಾಂಕಿನ ಗುಂಪಿಗೆ ಹೋಗುತ್ತದೆ. ಹ್ರಸ್ವಕ್ಕೆ ‘ಕಪ್’ ಒಳ್ಳೆಯದು. ಕಪ್ಪಲ್ಲಿ ಏನಿದೆ ಎಂದು ಮಾತ್ರ ನೀವೇ ಕೇಳಿಬಿಡಬೇಡಿ.